ಪಗಾರ 1ರ ಬದಲು 7ಕ್ಕೆ ಅಂತ ನೋಟಿಸು ಹಚ್ಚಿದ್ದಾರೆ

ತಾರಿಹಾಳ ಫಿಟ್ಟರ್: ನಮ್ಮ ಕಾರ್ಖಾನೆಯಲ್ಲಿ 24ನೇ ತಾರೀಖು ನೋಟಿಸು ಹಚ್ಚಿದರು. ಬರುವ ಪಗಾರದಿಂದಲೇ 1ರ ಬದಲು 7ಕ್ಕೆ ಕೊಡುತ್ತಾರಂತೆ. ‘ಓಟಿ, ಹಾಜರಿ ಲೆಕ್ಕಕ್ಕೆ ಸಮಯ ಬೇಕು’ ಅನ್ನುವುದು ಕಾರಣ. ನನ್ನ ಬೈಕಿನ ಕಂತು 5ಕ್ಕೆ ಕಟ್ ಆಗುತ್ತದೆ. ಹೀಗೆ ಮಾಡಬಹುದಾ?

ನವನಗರದವ: ಮಾಡಬಹುದು ಬಿಡ್ರಿ. 7ರೊಳಗೆ ಕೊಟ್ಟರೆ ಕಾನೂನಿನಲ್ಲಿ ತಪ್ಪಿಲ್ಲ.

ಲೆಕ್ಕದ ಅಕ್ಕ: ಅರ್ಧ ಸರಿ, ಅಣ್ಣಾ. ನಾನು ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ಪಗಾರದ ಲೆಕ್ಕ ನೋಡುತ್ತೇನೆ. ವೇತನ ಸಂಹಿತೆಯ ಪ್ರಕಾರ ತಿಂಗಳ ಪಗಾರ ಮುಂದಿನ ತಿಂಗಳ 7 ಮುಗಿಯುವುದರೊಳಗೆ ಸಿಗಬೇಕು. ಅದು ಕೊನೆಯ ಗಡುವು. ಆದರೆ ಕಾರ್ಮಿಕರ ಪಗಾರದ ಅವಧಿ, ಕೊಡುವ ರೀತಿ ಬದಲಿಸಲು 21 ದಿನ ಮೊದಲೇ ನೋಟಿಸು ಬೇಕು ಅಂತ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿದೆ. 24ರಿಂದ 1ಕ್ಕೆ ಒಂದೇ ವಾರ ಆಯ್ತು. ನನ್ನ ಪ್ರಕಾರ ಈ ತಿಂಗಳು ಹಳೆಯ ದಿನವೇ ನಡೆಯಬೇಕು.

ನವನಗರದವ: ಅಲ್ಲಿರುವುದು ‘ಅವಧಿ’. ಅವಧಿ ತಿಂಗಳದ್ದೇ ಇದೆಯಲ್ಲ? ಬದಲಾಗಿದ್ದು ಕೈಗೆ ಕೊಡುವ ದಿನ ಮಾತ್ರ.

ಲೆಕ್ಕದ ಅಕ್ಕ: ಆ ವಾದ ಮಾಡುವವರಿದ್ದಾರೆ, ಒಪ್ಪುತ್ತೇನೆ. ನಾನು ಮಾತ್ರ ದಿನವನ್ನೂ ಅದರಲ್ಲೇ ಸೇರಿಸಿ ನೋಡುತ್ತೇನೆ.

ಗದಗ ಹೌಸ್‌ಕೀಪಿಂಗ್: ನನಗೆ ಎರಡು ತಿಂಗಳಿಂದ ಪಗಾರವೇ ಇಲ್ಲ ರೀ. ಬಿಲ್ ಪಾಸಾಗಿಲ್ಲ ಅಂತಾನೆ ಗುತ್ತಿಗೆದಾರ. ನನಗೂ 21 ದಿನ ಕಾಯಬೇಕಾ?

ಲೆಕ್ಕದ ಅಕ್ಕ: ಇಲ್ಲ ತಂಗಿ, ನಿನ್ನದು ಬೇರೆ ವಿಷಯ. ಬಿಲ್ ಪಾಸಾಗದಿದ್ದರೂ ಪಗಾರ ಕೊಡಲೇಬೇಕು. ಹಾಜರಿಯ ಫೋಟೊ ಇಟ್ಟುಕೊಂಡು ಕಾರ್ಮಿಕ ಇಲಾಖೆಗೆ ಅರ್ಜಿ ಕೊಡು.

ಸಣ್ಣ ಘಟಕದ ಮಾಲೀಕ: ನಮ್ಮ ಕಷ್ಟವನ್ನೂ ಕೇಳಿ. 31ರ ರಾತ್ರಿ ಪಾಳಿಯ ಓಟಿ ನಮಗೆ ತಿಳಿಯುವುದು 1ರ ಬೆಳಿಗ್ಗೆ. ಅಂದಾಜಿನಲ್ಲಿ ಹಾಕಿದರೆ ಮುಂದಿನ ತಿಂಗಳು ಹಿಡಿಯಬೇಕು. ಆಗಲೂ ಜಗಳವೇ.

ಲೆಕ್ಕದ ಅಕ್ಕ: ಸರ್, ನಾವು ಹಾಜರಿಯನ್ನು 26ರಿಂದ 25ರವರೆಗೆ ಹಿಡಿಯುತ್ತೇವೆ. ಲೆಕ್ಕಕ್ಕೆ ಐದು ದಿನ ಸಿಗುತ್ತದೆ, 1ಕ್ಕೆ ಪಗಾರ ಆಗುತ್ತದೆ.

ಫಿಟ್ಟರ್ ಅಣ್ಣಾ, ಕಂತಿನ ದಿನ 10ಕ್ಕೆ ಮಾಡಿಕೊಡಿ ಅಂತ ಸಾಲ ಕೊಟ್ಟವರಿಗೆ ಇವತ್ತೇ ಬರೆದು ಕೊಡಿ. ಬದಲಾಗಲು ಸಮಯ ಹಿಡಿಯಬಹುದು, ಅದಕ್ಕೆ ಈ ಕಂತಿನ ದುಡ್ಡನ್ನು 4ರ ಸಂಜೆಗೇ ಖಾತೆಯಲ್ಲಿಡಿ. 5 ಭಾನುವಾರ ಬಂದರೂ ಕಟ್ ಆಗಬಹುದು. ಖಾತೆಯಿಂದ ಕಂತು ತಾನಾಗಿಯೇ ಕಟ್ ಆಗುವ ವ್ಯವಸ್ಥೆ 2021ರ ಆಗಸ್ಟ್ 1ರಿಂದ ರಜಾದಿನದಲ್ಲೂ ನಡೆಯುತ್ತದೆ. ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಚೆಕ್ ಬೌನ್ಸ್ ಆದ ಹಾಗೇ ದಂಡ ಬೀಳುತ್ತದೆ.

ಮಾಲೀಕರ ಹತ್ತಿರ ಎಲ್ಲರೂ ಸೇರಿ ಹೋಗಿ. ಈ ಒಂದು ಸಲ 1ಕ್ಕೆ ಅರ್ಧ ಪಗಾರ ಮುಂಗಡ, 7ಕ್ಕೆ ಉಳಿದದ್ದು ಅಂತ ಕೇಳಿ. ಒಪ್ಪಿದರೆ ಅದೇ ನೋಟಿಸಿನ ಕೆಳಗೆ ಬರೆಸಿ ಸಹಿ ಹಾಕಿಸಿಕೊಳ್ಳಿ.

ತಾರಿಹಾಳ ಫಿಟ್ಟರ್: ಸೋಮವಾರ ಹನ್ನೆರಡು ಜನ ಹೋಗುತ್ತೇವೆ ಅಕ್ಕಾ. 25ರ ಹಾಜರಿ ವಿಷಯವನ್ನೂ ಹೇಳುತ್ತೇವೆ. ಏನಾಯ್ತು ಅಂತ ಇಲ್ಲೇ ಬರೆಯುತ್ತೇನೆ.