ಅಪ್‌ಡೇಟ್: ಕೊಬ್ಬಿನ ಶೇಕಡಾ ತಪ್ಪಾಗಿ ಬರುತ್ತಿದ್ದದ್ದು ಏಕೆಂದು ಗೊತ್ತಾಯಿತು

ನಾನು ಕೇಳಿದ್ದು: "ನನ್ನ ಶೀಟಿನಲ್ಲಿ ಬಿಎಂಐ ಸರಿ, ಸೊಂಟ-ಎತ್ತರದ ಅನುಪಾತವೂ ಸರಿ. ಕೊಬ್ಬಿನ ಶೇಕಡಾ ಮಾತ್ರ ತೀರಾ ಕಡಿಮೆ ಬರುತ್ತಿದೆ. ಎಲ್ಲಿ ಎಡವಿದ್ದೇನೆ?"

ತಪ್ಪು ಸಿಕ್ಕಿತು. ಟೇಪಿನ ಅಳತೆಗಳೆಲ್ಲ ಇಂಚಿನಲ್ಲಿದ್ದವು. ನಾನು ಹಾಕಿದ್ದ ಅಮೆರಿಕದ ನೌಕಾಪಡೆಯ ಸೂತ್ರ ಸೆಂಟಿಮೀಟರಿಗೆ ಮಾಡಿದ್ದು.

ಒಂದು ಸಾಲು ನೋಡಿ. ಗಂಡಸು, ತೂಕ 78 ಕೆಜಿ, ಎತ್ತರ 68.9 ಇಂಚು, ಸೊಂಟ 35.4, ಕುತ್ತಿಗೆ 15. ಬಿಎಂಐಗೆ ಎತ್ತರವನ್ನು ಮೀಟರಿನಲ್ಲಿ ಬೇರೆ ಕಾಲಮ್ಮಿನಲ್ಲಿ ಇಟ್ಟಿದ್ದೆ, ಹಾಗಾಗಿ 25.5 ಸರಿಯಾಗಿಯೇ ಬಂತು. ಅನುಪಾತಕ್ಕೆ ಎರಡೂ ಅಳತೆ ಒಂದೇ ಮಾನದಲ್ಲಿದ್ದರೆ ಸಾಕು, ಅದೂ 0.51 ಬಂತು. ಕೊಬ್ಬು ಮಾತ್ರ 14.1 ತೋರಿಸಿತು. ನಿಜವಾಗಿ ಬರಬೇಕಾದದ್ದು 20.5! ಮೈನಸ್ ಬಂದಿದ್ದರೆ ಆಗಲೇ ಕಣ್ಣಿಗೆ ಬೀಳುತ್ತಿತ್ತು. 14 ನಂಬುವಂಥ ಸಂಖ್ಯೆ ಅಲ್ವಾ, ಅದೇ ಅಪಾಯ.

ಈಗಿನ ಸೂತ್ರ (C ಎತ್ತರ, D ಸೊಂಟ, E ಕುತ್ತಿಗೆ, ಎಲ್ಲವೂ ಇಂಚು):

```
=495/(1.0324-0.19077*LOG10((D2-E2)*2.54)+0.15456*LOG10(C2*2.54))-450
```

`LOG10` ಬದಲು `LN` ಹಾಕಬೇಡಿ, ಉತ್ತರ ಪೂರ್ತಿ ಕೆಡುತ್ತದೆ. ಇದು ಗಂಡಸರಿಗೆ ಮಾತ್ರ. ಹೆಂಗಸರ ಸೂತ್ರಕ್ಕೆ ಪೃಷ್ಠದ ಸುತ್ತಳತೆಯೂ ಬೇಕು, ಅಂಕಿಗಳೂ ಬೇರೆ. ಅದಕ್ಕೆ ಬೇರೆ ಕಾಲಮ್ ಮಾಡಿದ್ದೇನೆ.

ಇನ್ನೊಂದು ವಿಷಯ. ಇದೇ ಸಾಲಿನಲ್ಲಿ ಸೊಂಟಕ್ಕೆ ಒಂದೇ ಒಂದು ಸೆಂಟಿಮೀಟರ್ ಜಾಸ್ತಿ ಹಾಕಿ ನೋಡಿದೆ. 20.5 ಇದ್ದದ್ದು 21.2 ಆಯಿತು. ಟೇಪು ಸ್ವಲ್ಪ ಸಡಿಲವಾದರೂ ಇಷ್ಟು ವ್ಯತ್ಯಾಸ ಬರುತ್ತದೆ. ಅದಕ್ಕೇ ಈಗ ಸೊಂಟವನ್ನು ಹೊಕ್ಕುಳಿನ ಮಟ್ಟದಲ್ಲಿ ಮೂರು ಸಲ ಅಳೆದು, ಸರಾಸರಿಯನ್ನೇ ಶೀಟಿಗೆ ಹಾಕುತ್ತಿದ್ದೇನೆ.