ಮಾಯವಾಗುವ ಬೆದರಿಕೆ ಮೆಸೇಜು: ಉಳಿಸಿಕೊಂಡರೆ ಕಳಿಸಿದವನಿಗೆ ಗೊತ್ತಾಗುತ್ತಾ?

ದಾವಣಗೆರೆಯ ಅಕ್ಕ: ಮೇಡಂ, ನನ್ನ ತಂಗಿಗೆ 19 ವರ್ಷ. ಸ್ನ್ಯಾಪ್‌ಚಾಟ್‌ನಲ್ಲಿ ಒಬ್ಬ ಹುಡುಗನಿಗೆ ಐದು ಸೆಕೆಂಡಿನ ಒಂದು ಫೋಟೋ ಕಳಿಸಿದ್ದಳು. ಅವನು ಸ್ಕ್ರೀನ್‌ಶಾಟ್ ತೆಗೆದ ಅಂತ ಆಪ್ ತೋರಿಸಲೇ ಇಲ್ಲ. ಈಗ ಅದೇ ಫೋಟೋ ಅವಳಿಗೆ ವಾಪಸ್ ಕಳಿಸಿ, ಅಪ್ಪನಿಗೆ ಹಾಕ್ತೀನಿ ಅಂತಾನೆ. ಓದಿ ಹೊರಗೆ ಬಂದರೆ ಅವನ ಮೆಸೇಜು ಇರಲ್ಲ. ಉಳಿಸೋಕೆ ಹೋದರೆ ಅವನಿಗೆ ಗೊತ್ತಾಗುತ್ತೆ ಅಂತ ತಂಗಿ ಹೆದರಿದ್ದಾಳೆ.

ಫಾರೆನ್ಸಿಕ್ ಮೇಡಂ: ಮೊದಲು ಒಂದು ಮಾತು. ಅವನ ಹೊಸ ಮೆಸೇಜು ಬಂದಿದ್ದರೆ ಇನ್ನೂ ತೆರೆಯಬೇಡಿ. ಪಕ್ಕದಲ್ಲಿ ನಿಮ್ಮ ಫೋನ್ ಇಟ್ಟುಕೊಂಡು, ಅದರ ಕ್ಯಾಮೆರಾದಲ್ಲಿ ವಿಡಿಯೋ ಶುರು ಮಾಡಿ, ಆಮೇಲೆ ತಂಗಿಯ ಫೋನಿನಲ್ಲಿ ತೆರೆಯಿರಿ. ಇನ್ನೊಂದು ಫೋನಿನ ಕ್ಯಾಮೆರಾ ನೋಡಿದ್ದು ಯಾವ ಆಪ್‌ಗೂ ಗೊತ್ತಾಗಲ್ಲ. ಅವನು ಮಾಡಿರೋದೂ ಬಹುಶಃ ಇದನ್ನೇ.

ಅವನು ವಾಪಸ್ ಕಳಿಸಿದ ಫೋಟೋವನ್ನು ಗಮನಿಸಿ. ನೀರಿನ ಅಲೆಯ ಹಾಗೆ ಬಣ್ಣದ ಗೆರೆಗಳಿವೆಯಾ? ಅಂಚು ಸ್ವಲ್ಪ ವಾಲಿದೆಯಾ? ಬೆಳಕಿನ ಮಿಂಚು ಬಿದ್ದಿದೆಯಾ? ಇದ್ದರೆ ಸ್ಕ್ರೀನನ್ನು ಬೇರೆ ಫೋನಿನಿಂದ ತೆಗೆದದ್ದು. ಹಿಂದೆ ಆ ಸ್ನ್ಯಾಪ್ ಕಳಿಸಿದಾಗ, ಅವನು ಎರಡನೇ ಸಲ ನೋಡಿದ ಅಂತ Replayed ಗುರುತು ಬಂದಿತ್ತಾ ಅಂತ ತಂಗಿಯನ್ನು ಕೇಳಿ. ಮೊದಲ ಸಲ ನೋಡಿ, ಎರಡನೇ ಸಲಕ್ಕೆ ಇನ್ನೊಂದು ಫೋನ್ ಹಿಡಿದು ಕೂರುವವರು ಇದ್ದಾರೆ. ಅದು ಸುಳಿವು ಅಷ್ಟೇ, ಸಾಕ್ಷಿ ಅಲ್ಲ. ಸ್ಕ್ರೀನ್‌ಶಾಟ್ ಗುರುತು ಬರಲಿಲ್ಲ ಅಂದರೆ ಯಾರೂ ಉಳಿಸಿಕೊಂಡಿಲ್ಲ ಅಂತ ಅರ್ಥ ಅಲ್ಲ. ತಂಗಿ ತಪ್ಪು ಮಾಡಿದಳು ಅಂತ ಈಗ ಬೈಯಬೇಡಿ.

ವಿಡಿಯೋದಲ್ಲಿ ಬೆದರಿಕೆಯ ಮಾತು ಒಂದೇ ಸಾಲದು. ಅವನ ಪ್ರೊಫೈಲ್ ತೆರೆದು ಯೂಸರ್‌ನೇಮ್ ತೋರಿಸಿ. ಮೇಲೆ ಕಾಣುವ ಹೆಸರು ಯಾವಾಗ ಬೇಕಾದರೂ ಬದಲಾಗುತ್ತದೆ, ಅದನ್ನು ನಂಬಬೇಡಿ. ಆಮೇಲೆ ಚಾಟ್‌ಗೆ ಬಂದು, ಹೊರಗೆ ಹೋಗದೆ, ನಿಧಾನವಾಗಿ ಮೇಲಿಂದ ಕೆಳಗೆ ಸರಿಸಿ. ಮೆಸೇಜು ಅಳಿಯುವ ಸೆಟ್ಟಿಂಗ್ ನಿಮ್ಮ ಚಾಟ್‌ನಲ್ಲಿ After Viewing ಅಂತ ಇದೆ ಅನಿಸುತ್ತೆ. ಅದರಲ್ಲಿ ಇಬ್ಬರೂ ನೋಡಿ ಚಾಟ್ ಬಿಟ್ಟ ಮೇಲೆ ಮೆಸೇಜು ಅಳಿಯುತ್ತದೆ.

ವಿಡಿಯೋ ಆದ ಮೇಲೆ ಮೆಸೇಜನ್ನು ಒತ್ತಿ ಹಿಡಿದು ಚಾಟ್‌ನಲ್ಲೇ ಸೇವ್ ಮಾಡಬಹುದು. ಹಿಂದೆ ಬೂದು ಬಣ್ಣ ಬರುತ್ತದೆ. ಅದು ಅವನಿಗೂ ಕಾಣುತ್ತದೆ. ಅವನು ತನ್ನ ಮೆಸೇಜನ್ನು ಆಮೇಲೂ ಅಳಿಸಬಹುದು. ಹಾಗಾಗಿ ಸೇವ್ ಎರಡನೆಯದು, ಕ್ಯಾಮೆರಾ ಮೊದಲನೆಯದು. ಈ ಕ್ರಮ ತಪ್ಪಿದರೆ ಕೈಯಲ್ಲಿ ಏನೂ ಉಳಿಯಲ್ಲ.

ಇಷ್ಟಾಗುವವರೆಗೆ ಬ್ಲಾಕ್ ಬೇಡ. ಬ್ಲಾಕ್ ಮಾಡಿದರೆ ಚಾಟ್ ನಿಮ್ಮ ಪಟ್ಟಿಯಿಂದ ಹೋಗುತ್ತದೆ.

ತುಮಕೂರಿನ ಸದಸ್ಯ: ಇಷ್ಟೆಲ್ಲ ಯಾಕೆ? ಏರೋಪ್ಲೇನ್ ಮೋಡ್ ಹಾಕಿ ಸ್ಕ್ರೀನ್‌ಶಾಟ್ ತೆಗೆದು, ಆಪ್ ಡೇಟಾ ಕ್ಲಿಯರ್ ಮಾಡಿದರೆ ಗೊತ್ತೇ ಆಗಲ್ಲ. ನಮ್ಮ ಗ್ರೂಪಲ್ಲಿ ಬಂದಿತ್ತು, ಫಾರ್ವರ್ಡ್ ಮಾಡ್ತೀನಿ.

ಫಾರೆನ್ಸಿಕ್ ಮೇಡಂ: ದಯವಿಟ್ಟು ಮಾಡಬೇಡಿ. ನೆಟ್ ಬಂದ ಮೇಲೆ ಸೂಚನೆ ಹೋಗಬಹುದು. ಡೇಟಾ ಕ್ಲಿಯರ್ ಮಾಡಿದರೆ ಫೋನಿನಲ್ಲಿ ಉಳಿದಿದ್ದ ಕುರುಹೂ ಹೋಗುತ್ತದೆ. ಹೋದ ವರ್ಷ ಒಂದು ಹುಡುಗಿಯ ಫೋನ್ ನನ್ನ ಮೇಜಿಗೆ ಬಂತು. ಅಳಿದ ಮೆಸೇಜು ತೆಗೆದುಕೊಡ್ತೀವಿ ಅಂದ ರಿಪೇರಿ ಅಂಗಡಿಯವರು ಯಾವುದೋ ಆಪ್ ಹಾಕಿ, ಕೊನೆಗೆ ರೀಸೆಟ್ ಮಾಡಿಕೊಟ್ಟಿದ್ದರು. ನನಗೆ ಒಂದು ಸಾಲೂ ಸಿಗಲಿಲ್ಲ. ಅವಳ ಮುಖ ಇನ್ನೂ ಮರೆತಿಲ್ಲ.

ಕಲಬುರಗಿಯ ವಿದ್ಯಾರ್ಥಿ: ಸ್ನ್ಯಾಪ್ ಗೊತ್ತಾಗದ ಹಾಗೆ ಸೇವ್ ಮಾಡೋ ಆಪ್ ಇದೆ ಮೇಡಂ, ಲಾಗಿನ್ ಕೊಟ್ಟರೆ ಸಾಕು.

ಫಾರೆನ್ಸಿಕ್ ಮೇಡಂ: ಪಾಸ್‌ವರ್ಡ್ ಬೇರೆಯವರ ಕೈಗೆ ಕೊಡೋದು ಅಂದರೆ ಇದೇ. 2014ರ ಅಕ್ಟೋಬರ್‌ನಲ್ಲಿ ಹೊರಗಿನ ಒಂದು ಸೇವಿಂಗ್ ಸೈಟ್‌ನಿಂದಲೇ ಜನರ ಸ್ನ್ಯಾಪ್‌ಗಳು ರಾಶಿ ರಾಶಿಯಾಗಿ ಸೋರಿದವು. ಅದೇ ವರ್ಷ ಮೇನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಸ್ನ್ಯಾಪ್ ಪೂರ್ತಿ ಮಾಯವಾಗುತ್ತೆ ಅಂತ ಕಂಪನಿ ಹೇಳಿದ್ದು ನಿಜವಲ್ಲ ಅಂತ ಆರೋಪ ಹೊರಿಸಿತ್ತು. ಹೊರಗಿನ ಆಪ್‌ಗಳಲ್ಲಿ ಉಳಿಸಿಕೊಳ್ಳಲು ಆಗುತ್ತಿತ್ತು ಅನ್ನೋದು ಅದರಲ್ಲಿ ಒಂದು ಕಾರಣ.

ಶಿರಸಿಯ ಅತ್ತಿಗೆ: ನನ್ನ ಯಜಮಾನರ ವಾಟ್ಸಾಪ್‌ನಲ್ಲಿ 24 ಗಂಟೆಗೆ ಮೆಸೇಜು ಹೋಗುತ್ತೆ. ಅಲ್ಲೂ ಬೂದು ಬಣ್ಣ ಬರುತ್ತಾ?

ಫಾರೆನ್ಸಿಕ್ ಮೇಡಂ: ಇಲ್ಲ. ಅಲ್ಲಿ Keep ಮಾಡಿದರೆ ಕಳಿಸಿದವರಿಗೆ ತಿಳಿಸಲಾಗುತ್ತದೆ. ಅವರು ಬೇಡ ಅಂದರೆ ಉಳಿಯಲ್ಲ. ಅವರ ಮಾತೇ ಕೊನೆ.

ಹಾಸನದ ತಂದೆ: ಇದಕ್ಕೇ ಹೇಳೋದು, ಹೆಣ್ಣುಮಕ್ಕಳ ಫೋನನ್ನು ರಾತ್ರಿ ತಗೊಂಡು ನೋಡಬೇಕು ಅಂತ.

ಕಲಬುರಗಿಯ ವಿದ್ಯಾರ್ಥಿ: ನೋಡಿದರೆ ಏನು ಸಿಗುತ್ತೆ ಸರ್? ಅಷ್ಟರಲ್ಲಿ ಅಳಿದಿರುತ್ತೆ. ನೀವು ನೋಡ್ತೀರಿ ಅಂತ ಗೊತ್ತಿದ್ದರೆ ಬೆದರಿಕೆ ಬಂದಾಗ ನಿಮಗೆ ಹೇಳೋದೂ ಇಲ್ಲ.

ಹಾಸನದ ತಂದೆ: ನಿನಗೆ ಮಗಳಿದ್ದರೆ ಗೊತ್ತಾಗುತ್ತಿತ್ತು.

ದಾವಣಗೆರೆಯ ಅಕ್ಕ: ಸರ್, ನನ್ನ ತಂಗಿ ವಿಷಯದಲ್ಲಿ ಈ ಜಗಳ ಬೇಡ. ಅವಳು ನಮ್ಮಪ್ಪನ ಹೆದರಿಕೆಗೇ ಎರಡು ವಾರ ಹೇಳಿರಲಿಲ್ಲ.

ತುಮಕೂರಿನ ಸದಸ್ಯ: ಮೇಡಂ, ಏರೋಪ್ಲೇನ್ ಮೋಡ್ ನನಗಂತೂ ಒಂದು ಸಲ ಕೆಲಸ ಮಾಡಿದೆ.

ಫಾರೆನ್ಸಿಕ್ ಮೇಡಂ: ಆಗಲೇ ಹೇಳಿದ್ದೀನಿ.

ಮೈಸೂರಿನ ವಕೀಲರು: ಇನ್ನೊಂದು ಫೋನಿನ ವಿಡಿಯೋವನ್ನು ಕೋರ್ಟು ಒಪ್ಪಲ್ಲ. ಅದು ಮೂಲ ಅಲ್ಲ.

ಫಾರೆನ್ಸಿಕ್ ಮೇಡಂ: ಒಪ್ಪೋದೇ ಇಲ್ಲ ಅಂತ ಹೇಳಿ ಅವರನ್ನು ಹೆದರಿಸಬೇಡಿ ಸರ್. ವಿಡಿಯೋ ಯಾವ ಫೋನಿನಿಂದ ಬಂತು ಅಂತ ಹೇಳುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕಾಗುತ್ತೆ, ನಿಜ. ಅದಕ್ಕೇ ವಿಡಿಯೋ ತೆಗೆದ ಫೋನನ್ನೂ ತಂಗಿಯ ಫೋನನ್ನೂ ಹಾಗೇ ಇಡಬೇಕು. ವಿಡಿಯೋವನ್ನು ಕತ್ತರಿಸಬೇಡಿ. ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿ ಒಂದನ್ನೇ ಇಟ್ಟುಕೊಂಡು ಮೂಲ ಅಳಿಸಬೇಡಿ.

ಮೈಸೂರಿನ ವಕೀಲರು: ಪ್ರಮಾಣಪತ್ರ ಇದ್ದರೂ ಎದುರಿನವರು ಪ್ರಶ್ನೆ ಮಾಡ್ತಾರೆ. ನನ್ನ ಅನುಭವ ಬೇರೆ.

ಮಂಗಳೂರಿನ ಶಿಕ್ಷಕಿ: ಪೊಲೀಸರು ಕಂಪನಿಯಿಂದಲೇ ಅಳಿದದ್ದನ್ನು ತರಿಸಬಹುದಲ್ವಾ?

ಫಾರೆನ್ಸಿಕ್ ಮೇಡಂ: ತುಂಬ ಜನ ಇದನ್ನೇ ನಂಬಿ ಕೂರುತ್ತಾರೆ. ಇಬ್ಬರ ನಡುವಿನ ಸ್ನ್ಯಾಪ್ ತೆರೆಯದೇ ಇದ್ದರೆ ಸರ್ವರ್‌ನಲ್ಲಿ 31 ದಿನ ಇರುತ್ತದೆ. ತೆರೆದ ಮೇಲೆ ಸಾಮಾನ್ಯವಾಗಿ ಅಳಿಯುತ್ತದೆ. ಪೊಲೀಸರು ಕೇಳಿದರೆ ಕಂಪನಿ ಆ ಖಾತೆಯಲ್ಲಿ ಆಗ ಇರುವುದನ್ನು 90 ದಿನ ತೆಗೆದಿಡಬಹುದು. ಅಳಿದುಹೋದದ್ದು ಆ ಮನವಿಯಿಂದ ವಾಪಸ್ ಬರಲ್ಲ. ಅದಕ್ಕೇ ದೂರು ಇವತ್ತೇ ಹೋಗಬೇಕು ಅನ್ನೋದು. cybercrime.gov.in ನಲ್ಲಿ ಹೆಸರು ಹೇಳದೆಯೂ ಮಹಿಳೆಯರ ವಿಭಾಗದಲ್ಲಿ ದೂರು ಕೊಡಬಹುದು. ಆದರೆ ಈ ಕೇಸಿಗೆ ಹೆಸರು ಹೇಳಿ ಕೊಡೋದೇ ಸರಿ, ಇಲ್ಲಿ ಹುಡುಗ ಯಾರು ಅಂತ ಗೊತ್ತಿದೆ.

ಫೋಟೋ ಹರಡುವ ಭಯ ಇದ್ದರೆ StopNCII.org ನೋಡಿ. 18 ದಾಟಿದವರಿಗೆ. ಫೋಟೋವನ್ನು ಎಲ್ಲಿಗೂ ಕಳಿಸಬೇಕಿಲ್ಲ. ಅದರಿಂದ ಒಂದು ಗುರುತಿನ ಸಂಖ್ಯೆ ಮಾತ್ರ ನಿಮ್ಮ ಫೋನಿನಲ್ಲೇ ತಯಾರಾಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಡೆ ಅದಕ್ಕೆ ಹೊಂದುವ ಫೋಟೋ ತಡೆಯಲು ಬಳಸುತ್ತಾರೆ. ವಾಟ್ಸಾಪ್‌ನಲ್ಲಿ ಖಾಸಗಿಯಾಗಿ ಕಳಿಸೋದನ್ನು ಅದು ತಡೆಯಲ್ಲ.

ಕೊಪ್ಪಳದ ಅಣ್ಣ: ಇನ್‌ಸ್ಟಾದ ಸ್ಟೋರಿ ಸ್ಕ್ರೀನ್‌ಶಾಟ್ ತೆಗೆದರೆ ಗೊತ್ತಾಗುತ್ತಾ? ರೀಲ್ಸ್‌ಗೆ?

ತುಮಕೂರಿನ ಸದಸ್ಯ: ಗೊತ್ತಾಗುತ್ತೆ, ಹೊಸ ರೂಲ್ಸ್ ಬಂದಿದೆ.

ಫಾರೆನ್ಸಿಕ್ ಮೇಡಂ: ಸ್ಟೋರಿಗೂ ರೀಲ್ಸ್‌ಗೂ ಇಲ್ಲ. ಚಾಟ್‌ನಲ್ಲಿ ಒಮ್ಮೆ ನೋಡಿ ಹೋಗುವ ಫೋಟೋಗೆ ಮೊದಲು ಗೊತ್ತಾಗುತ್ತಿತ್ತು, ಈಗ ಸಾಮಾನ್ಯವಾಗಿ ಅದರ ಸ್ಕ್ರೀನ್‌ಶಾಟ್ ತೆಗೆಯೋಕೇ ಆಪ್ ಬಿಡಲ್ಲ. ತುಮಕೂರಿನವರೇ, ಗೊತ್ತಿಲ್ಲದ್ದನ್ನು ಇಲ್ಲಿ ಹಾಕಬೇಡಿ. ಇದನ್ನು ಓದುವವರಲ್ಲಿ ಭಯದಲ್ಲಿರುವವರೂ ಇದ್ದಾರೆ.

ಹಾಸನದ ತಂದೆ: ಸೇವ್ ಆದ ಚಾಟ್ ಮಗಳ ಫೋನಿಂದ ನಮ್ಮ ಫೋನಿಗೆ ಬರೋ ಹಾಗೆ ಮಾಡಬಹುದಾ?

ದಾವಣಗೆರೆಯ ಅಕ್ಕ: ಮೇಡಂ, ವಿಡಿಯೋ ಆಯಿತು. ಯೂಸರ್‌ನೇಮ್ ಬಂದಿದೆ. ಫೋಟೋದಲ್ಲಿ ನೀವು ಹೇಳಿದ ಗೆರೆಗಳಿವೆ, ಒಂದು ಮೂಲೆಯಲ್ಲಿ ಟ್ಯೂಬ್‌ಲೈಟ್ ಹೊಳಪೂ ಇದೆ. ಆಮೇಲೆ ಮೂರು ಮೆಸೇಜು ಸೇವ್ ಮಾಡಿದೆವು. ಹತ್ತು ನಿಮಿಷಕ್ಕೆ ಅವನು ಒಂದನ್ನು ಅಳಿಸಿದ. ಅಳಿಸಿದ ಅಂತ ಚಾಟ್‌ನಲ್ಲಿ ಬಂತು.

ಫಾರೆನ್ಸಿಕ್ ಮೇಡಂ: ಆ ಸಾಲನ್ನೂ ನಿಮ್ಮ ಫೋನಿನಲ್ಲಿ ಈಗಲೇ ತೆಗೆಯಿರಿ. ಅವನಿಗೆ ಉತ್ತರ ಕೊಡಬೇಡಿ, ದುಡ್ಡು ಕೇಳಿದರೆ ಕೊಡಬೇಡಿ. ಮೆಸೇಜನ್ನು ಒತ್ತಿ ಹಿಡಿದು Report ಮಾಡಿ. ಖಾತೆ ಡಿಲೀಟ್ ಮಾಡಬೇಡಿ, 30 ದಿನ ಕಳೆದರೆ ಅದು ಪೂರ್ತಿ ಹೋಗುತ್ತದೆ. ಎರಡೂ ಫೋನ್ ಚಾರ್ಜ್ ಮಾಡಿಕೊಂಡು ಬೆಳಿಗ್ಗೆ ಠಾಣೆಗೆ ಹೋಗಿ. ತಂಗಿಯ ಜೊತೆ ನೀವೇ ಹೋಗಿ.