ರೋಜಾ ಇಟ್ಕೊಂಡು 1600 ಮೀಟರ್ ತಯಾರಿ: ಓಡಿದೋರು ಅನುಭವ ಹೇಳಿ

ಕೇಳಿದವರು: ಚಿಕ್ಕಬಳ್ಳಾಪುರದವನು, 22 ವರ್ಷ. ಕಾನ್‌ಸ್ಟೇಬಲ್ ಫಿಸಿಕಲ್‌ಗೆ 1600 ಮೀಟರ್ 6 ನಿಮಿಷ 30 ಸೆಕೆಂಡಲ್ಲಿ ಮುಗಿಸಬೇಕು, ನನ್ನದು 6:48ಕ್ಕೆ ನಿಂತುಬಿಟ್ಟಿದೆ. ರಂಜಾನ್ ಬಂತು, ಒಂದು ರೋಜಾನೂ ಬಿಡೋ ಮನಸ್ಸಿಲ್ಲ. ಹಗಲು ಮೊಬೈಲ್ ಅಂಗಡೀಲಿ ಕೆಲಸ. ಯಾವ ಹೊತ್ತಲ್ಲಿ ಓಡಲಿ, ಎಷ್ಟು ಜೋರಾಗಿ, ಏನು ತಿನ್ನಲಿ?

ಶಿಡ್ಲಘಟ್ಟ ರೀಲರ್: ನಾನು ಮಾಡಿದ ತಪ್ಪು ಮೊದಲು ಕೇಳು. ಮೊದಲನೇ ವರ್ಷ ನನ್ನ ಲೆಕ್ಕ ಸರಳವಾಗಿತ್ತು. ಸಹರಿ ತಿಂದು, ಫಜರ್ ಮುಗಿಸಿ, ಹೊಟ್ಟೆ ತುಂಬಿರುವಾಗಲೇ ಓಡಿಬಿಡೋಣ, ತಂಪಾಗೂ ಇರುತ್ತೆ ಅಂತ. 5:50ಕ್ಕೆ ಹೊರಟು 6 ಕಿಲೋಮೀಟರ್. ಐದು ದಿನ ಏನೂ ಆಗಲಿಲ್ಲ, ಹುಲಿ ಥರ ಇದ್ದೆ. ರೇಷ್ಮೆ ಗೂಡು ತೂಗೋ ತಕ್ಕಡೀಲಿ ಒಂದಿನ ಓಟಕ್ಕೆ ಮುಂಚೆ ನಿಂತೆ, 64.2 ಕೆಜಿ. ಬಂದ ಮೇಲೆ 62.9. ಅಂದ್ರೆ ಸುಮಾರು ಒಂದೂಕಾಲು ಲೀಟರ್ ನೀರು ಬೆವರಾಗಿ ಹೋಯ್ತು, ಅದನ್ನ ವಾಪಸ್ ಕುಡಿಯೋಕೆ ಇನ್ನೂ ಹನ್ನೆರಡು ಗಂಟೆ ಕಾಯಬೇಕು. ನೋಡಿದೆ, ನಕ್ಕೆ, ಸುಮ್ಮನಾದೆ. ಅದೇ ತಪ್ಪು.

ನಮ್ಮದು ರೀಲಿಂಗ್. ದಿನವೆಲ್ಲ ಕುದಿಯೋ ಗೂಡಿನ ಬೇಸಿನ್ ಮುಂದೆ ಆವಿಯಲ್ಲಿ ನಿಲ್ಲಬೇಕು. ಆರನೇ ರೋಜಾ ಜೊಹರ್ ಹೊತ್ತಿಗೆ ಮೂತ್ರ ಡಿಕಾಕ್ಷನ್ ಬಣ್ಣ, ತಲೆ ಸಿಡಿತ. ಅಸರ್ ಹೊತ್ತಿಗೆ ಆ ಆವಿಯಲ್ಲೂ ಮೈ ಒಣಗಿತ್ತು, ಚಳಿ ಬಂದಂಗೆ ರೋಮ ಎದ್ದಿತ್ತು. ಎಳೆ ತುಂಡಾಗ್ತಾನೇ ಇದೆ, ಜೋಡಿಸೋಕೆ ಬೆರಳು ಕೇಳ್ತಿಲ್ಲ. ಅಲ್ಲೇ ಕುಸಿದೆ, ಗದ್ದ ಬೇಸಿನ್ ಅಂಚಿಗೆ ಬಡೀತು. ನಾಲ್ಕು ಹೊಲಿಗೆ, ಎರಡು ಬಾಟಲ್ ಡ್ರಿಪ್. ನರ್ಸಿಂಗ್ ಹೋಮ್‌ನೋರು 1,850 ತಗೊಂಡ್ರು, ರಕ್ತ ಪರೀಕ್ಷೆ 640, ಆಟೋ 120, ಆ ದಿನದ ಕೆಟ್ಟ ನೂಲಿನ ಲೆಕ್ಕ ಮನೇಲಿ ಇವತ್ತಿಗೂ ತೆಗೀತಾರೆ. ಹನ್ನೊಂದು ದಿನ ಓಟ ಇಲ್ಲ. ರೋಜಾನೂ ಹೋಯ್ತು, ಓಟಾನೂ ಹೋಯ್ತು.

ಮುಂದಿನ ವರ್ಷ ಎಲ್ಲ ತಿರುಗಿಸಿದೆ. ಮಗ್ರಿಬ್ 6:30ರ ಹತ್ತಿರ ಇತ್ತು. 5:45ಕ್ಕೆ ಹೊರಟು ಅರ್ಧ ಗಂಟೆ, ಪಕ್ಕದವನ ಜೊತೆ ಪೂರ್ತಿ ವಾಕ್ಯ ಮಾತಾಡೋಷ್ಟು ಮೆಲ್ಲಗೆ ಓಟ. ಬಾಯಿ ಒಣಗಿರುತ್ತೆ, ಕಾಲು ಭಾರ ಇರುತ್ತೆ, ಆದ್ರೆ ಹದಿನೈದು ನಿಮಿಷಕ್ಕೆ ನೀರು ಕೈಗೆ ಸಿಗುತ್ತೆ. ತಕ್ಕಡೀಲಿ ನಾಲ್ಕು ನೂರು ಗ್ರಾಂ ಮಾತ್ರ ಇಳೀತಿತ್ತು. ಜೋರು ಓಟ ವಾರಕ್ಕೆ ಎರಡೇ ಸಲ, ಅದೂ ತರಾವೀಹ್ ಮುಗಿಸಿ ರಾತ್ರಿ ಹತ್ತಕ್ಕೆ. 6:30 ಬೇಕು ಅಂದ್ರೆ 400 ಮೀಟರ್ 97 ಸೆಕೆಂಡಿಗೆ ಬರಬೇಕು. ಹಾಗೆ ನಾಲ್ಕು 400, ಮಧ್ಯೆ ಮೂರು ಮೂರು ನಿಮಿಷ ನಡಿಗೆ. ಐದನೆಯದು ಓಡಬೇಕು ಅನ್ಸುತ್ತೆ, ಓಡಬೇಡ. ಮೊದಲನೇ ವಾರ ಜೋರು ಓಟವೇ ಬೇಡ, ಮೈ ಒಗ್ಗಲಿ.

ಊಟನೂ ಅದಕ್ಕೆ ತಕ್ಕಂಗೆ. ಇಫ್ತಾರಲ್ಲಿ ಮೂರು ಖರ್ಜೂರ, ಎರಡು ಲೋಟ ನೀರು, ಒಂದು ಬಟ್ಟಲು ಗಂಜಿ. ಜೋರು ಓಟದ ದಿನ ಸಮೋಸ ಮುಟ್ತಿರಲಿಲ್ಲ, ಮುಟ್ಟಿದ ದಿನ ಎರಡನೇ 400ಕ್ಕೇ ವಾಂತಿ. ಅನ್ನ, ಮಾಂಸ ಎಲ್ಲ ಓಟ ಆದ ಮೇಲೆ. ಸಹರಿಗೆ ಮುದ್ದೆ, ಸೊಪ್ಪಿನ ಸಾರು, ಎರಡು ಮೊಟ್ಟೆ, ಮೊಸರು. ಉಪ್ಪಿನಕಾಯಿ ಬೇಡ, ಹತ್ತು ಗಂಟೆಗೇ ಗಂಟಲು ಹಿಡಿಯುತ್ತೆ. ನೀರು ಇಫ್ತಾರಿಂದ ಸಹರಿವರೆಗೆ ಸ್ವಲ್ಪ ಸ್ವಲ್ಪ, ಒಟ್ಟು ಎರಡೂವರೆ ಮೂರು ಲೀಟರ್. ಸಹರೀಲಿ ಒಂದೇ ಸಲ ಒಂದೂವರೆ ಲೀಟರ್ ಸುರ್ಕೊಂಡ್ರೆ ಎಂಟು ಗಂಟೆಗೆಲ್ಲ ಮೂತ್ರವಾಗಿ ಆಚೆ.

ಫಲ ಏನು? ರಂಜಾನ್‌ಗೆ ಮುಂಚೆ 6:44, ಈದ್ ಆದ ವಾರ 6:41, ಅದಾಗಿ ಮೂರು ವಾರಕ್ಕೆ 6:26. ರಂಜಾನಲ್ಲಿ ಸುಧಾರಿಸಲ್ಲ, ಇದ್ದದ್ದನ್ನ ಕಾಪಾಡ್ಕೋತೀವಿ ಅಷ್ಟೆ. ಕೆಲಸ ಸಿಗ್ತಾ ಅಂತ ಕೇಳಬೇಡ, ಓಟ ಪಾಸಾಯ್ತು, ಗುಂಡು ಎಸೆತದಲ್ಲಿ ಹೋಯ್ತು.

ಗೌರಿಬಿದನೂರು ಏಕಾದಶಿ: ಇಷ್ಟೊಂದು ಭಯ ಯಾಕೆ ಸ್ವಾಮಿ? ನಾನು ಹದಿನಾಲ್ಕು ವರ್ಷದಿಂದ ತಿಂಗಳಿಗೆ ಎರಡು ಏಕಾದಶಿ ಮಾಡ್ತಿದೀನಿ. ದಶಮಿ ರಾತ್ರಿ ಫಲಾಹಾರ, ದ್ವಾದಶಿ ಬೆಳಗ್ಗೆ ಪಾರಣೆ. ಏಕಾದಶಿ ದಿನವೇ ಬೆಳಗ್ಗೆ ನಂದಿ ಬೆಟ್ಟದ ಮೆಟ್ಟಿಲು ಹತ್ತೀನಿ. ಖಾಲಿ ಹೊಟ್ಟೇಲಿ ಓಡಿದ್ರೆ ಮೈ ಕೊಬ್ಬನ್ನ ಉರಿಸುತ್ತೆ, ಅದೇ ಶಕ್ತಿ. ಗ್ಲೂಕೋಸು, ಗಂಜಿ ಎಲ್ಲ ಮನಸ್ಸಿನ ಭ್ರಮೆ. 58 ವಯಸ್ಸು ನಂಗೆ, ಒಂದ್ಸಲಾನೂ ತಲೆ ಸುತ್ತಿಲ್ಲ.

ಶಿಡ್ಲಘಟ್ಟ ರೀಲರ್: ಯಜಮಾನ್ರೇ, ಏಕಾದಶಿ ದಿನ ನೀರು ಕುಡೀತೀರಾ ಇಲ್ವಾ, ಅದನ್ನ ಮೊದಲು ಹೇಳಿ.

ಗೌರಿಬಿದನೂರು ಏಕಾದಶಿ: ನೀರು, ಹಾಲು, ಎರಡು ಬಾಳೆಹಣ್ಣು. ಅದಕ್ಕೇನೀಗ? ಜ್ಯೇಷ್ಠ ಮಾಸದ ನಿರ್ಜಲಾನೂ ಮಾಡಿದೀನಿ.

ಶಿಡ್ಲಘಟ್ಟ ರೀಲರ್: ನಿರ್ಜಲಾ ದಿನ ಮೆಟ್ಟಿಲು ಹತ್ತಿದ್ರಾ?

ಗೌರಿಬಿದನೂರು ಏಕಾದಶಿ: ಆ ದಿನ ದೇವಸ್ಥಾನದಲ್ಲಿರ್ತೀನಿ. ವ್ರತವನ್ನ ತಮಾಷೆ ಮಾಡೋಕೆ ಬರಬೇಡ.

ಶಿಡ್ಲಘಟ್ಟ ರೀಲರ್: ವ್ರತಕ್ಕೆ ತಮಾಷೆ ಮಾಡ್ತಿಲ್ಲ ಸ್ವಾಮಿ, ಲೆಕ್ಕಕ್ಕೆ ಮಾಡ್ತಿದೀನಿ. ಮೆಟ್ಟಿಲು ಮೆಲ್ಲಗೆ ಹತ್ತೋವಾಗ ಕೊಬ್ಬು ಕೆಲಸಕ್ಕೆ ಬರುತ್ತೆ, ಒಪ್ಪಿದೆ. ಹುಡುಗ ಓಡಬೇಕಾಗಿರೋದು 97 ಸೆಕೆಂಡಿನ 400. ಆ ವೇಗಕ್ಕೆ ಕಾಲಿನ ಮಾಂಸದಲ್ಲಿ ಕೂಡಿಟ್ಟಿರೋ ಸಕ್ಕರೆ ಬೇಕು, ಕೊಬ್ಬು ಅಷ್ಟು ಬೇಗ ಕರಗಿ ಬರಲ್ಲ. ನಿಮ್ಮ ಮಾತು ಕೇಳಿ ಅವನು ಅಸರ್ ಹೊತ್ತಲ್ಲಿ ಜೋರು ಓಡಿದ್ರೆ ಹೊಲಿಗೆ ದುಡ್ಡು ನೀವು ಕೊಡ್ತೀರಾ?

ಬಾಗೇಪಲ್ಲಿ ಪಿಇ ಮೇಷ್ಟ್ರು: ಇಬ್ಬರೂ ಸುಮ್ನಿರಿ. ನನ್ನ ಹತ್ರ ಹುಡುಗರು ಗುಂಪಾಗಿ ಬರ್ತಾರೆ, ಪ್ರತಿ ರಂಜಾನಲ್ಲೂ ನಾಲ್ಕೈದು ಜನ ರೋಜಾ ಇಟ್ಟೇ ಓಡ್ತಾರೆ. ರೀಲರ್ ಹೇಳಿದ ಸಂಜೆ ಓಟ ಸರಿ. ರಾತ್ರಿ ಹತ್ತರದ್ದು ನಾನು ಒಪ್ಪಲ್ಲ. ಹತ್ತಕ್ಕೆ ಜೋರು ಓಡಿದ ಮೈಗೆ ಹನ್ನೊಂದೂವರೆಗೂ ನಿದ್ದೆ ಹತ್ತಲ್ಲ, ನಾಲ್ಕೂವರೆಗೆ ಎದ್ದು ಸಹರಿ. ನಾಲ್ಕೈದು ಗಂಟೆ ನಿದ್ದೇಲಿ ಹದಿನೈದು ದಿನ ಓಡಿದ ಒಬ್ಬ ಹುಡುಗನಿಗೆ ಮೊಣಕಾಲಿನ ಕೆಳಗಿನ ಮೂಳೆ ನೋವು ಶುರುವಾಗಿ ಎರಡು ತಿಂಗಳು ಕೂತ. ನನ್ನ ಹುಡುಗರು ತರಾವೀಹ್ ಮುಗಿಸಿ ಸೀದಾ ಮಲಗ್ತಾರೆ, 3:45ಕ್ಕೆ ಏಳ್ತಾರೆ, ಒಂದು ಬಾಳೆಹಣ್ಣು, ಒಂದು ಲೋಟ ನೀರು, ನಾಲ್ಕಕ್ಕೆ ಓಟ. 4:40ಕ್ಕೆ ಸಹರಿಗೆ ಕೂತ್ರೆ ಹೋದ ನೀರು ವಾಪಸ್ ಬರುತ್ತೆ.

ಇನ್ನೊಂದು. ಓಆರ್‌ಎಸ್ ಪೊಟ್ಟಣವನ್ನ ಒಂದು ಲೋಟಕ್ಕೆ ಸುರಿದು ಕುಡಿಯೋ ಬುದ್ಧಿವಂತರಿದ್ದಾರೆ, ಬೇಗ ಶಕ್ತಿ ಬರುತ್ತಂತೆ. ಒಬ್ಬ ಹಾಗೆ ಕುಡಿದು ಸಹರಿ ಹೊತ್ತಲ್ಲೇ ಭೇದಿ ಮಾಡ್ಕೊಂಡು, ಇದ್ದ ನೀರೂ ಕಳ್ಕೊಂಡ. ಅದು ಪೂರ್ತಿ ಒಂದು ಲೀಟರಿಗೆ. ಪೊಟ್ಟಣ ಇಲ್ಲದಿದ್ರೆ ಒಂದು ಲೀಟರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಶಿಡ್ಲಘಟ್ಟ ರೀಲರ್: ಮೇಷ್ಟ್ರೇ, ನಿಮ್ಮ ಹುಡುಗರು ಸಹರಿ ಆದ ಮೇಲೆ ಮತ್ತೆ ಮಲಗ್ತಾರೆ. ನಂಗೆ ಏಳಕ್ಕೆ ಗೂಡಿನ ಮಾರ್ಕೆಟ್. ನಾಲ್ಕು ಗಂಟೇಲಿ ಮೈ ಮರದ ಕೊರಡು, ಬಿಸಿಯಾಗೋಕೇ ಇಪ್ಪತ್ತು ನಿಮಿಷ ಬೇಕು. ಆ ವರ್ಷ ನಾನು ಜೊಹರ್ ಆದ ಮೇಲೆ ನಲವತ್ತು ನಿಮಿಷ ಮಲಗ್ತಿದ್ದೆ, ಅದು ಉಳಿಸ್ತು.

ಬಾಗೇಪಲ್ಲಿ ಪಿಇ ಮೇಷ್ಟ್ರು: ಎಲ್ಲರಿಗೂ ಮಧ್ಯಾಹ್ನ ಮಲಗೋ ಭಾಗ್ಯ ಇರುತ್ತೇನಪ್ಪ? ಮೊಬೈಲ್ ಅಂಗಡಿ ಮಾಲೀಕ ಬಿಡ್ತಾನಾ?

ಚಿಂತಾಮಣಿ ಅಕ್ಕ: ಗಂಡಸರು ಸೆಕೆಂಡ್ ಲೆಕ್ಕದಲ್ಲೇ ಇದೀರ. ನನ್ನದೂ ಕೇಳಿ. 43 ವರ್ಷ, ಶುಗರ್‌ಗೆ ಗ್ಲಿಮಿಪಿರೈಡ್ ಮಾತ್ರೆ. ಸಂಜೆ ಬಿರುಸು ನಡಿಗೆ, ಮಧ್ಯೆ ಸ್ವಲ್ಪ ಓಟ ರೂಢಿ. ಹೋದ ವರ್ಷ ರಂಜಾನ್‌ಗೆ ಡಾಕ್ಟರನ್ನ ಕೇಳದೆ ಬೆಳಗಿನ ಮಾತ್ರೆಯನ್ನ ಸಹರಿಗೇ ನುಂಗ್ತಿದ್ದೆ. ಎಂಟನೇ ರೋಜಾ, ಸಂಜೆ 5:10. ಇಫ್ತಾರ್‌ಗೆ ಇನ್ನೂ ಒಂದೂಕಾಲು ಗಂಟೆ. ಬೀದಿ ಕೊನೆಗೆ ಹೋಗೋಷ್ಟರಲ್ಲಿ ಕೈ ನಡುಗ್ತು, ತಣ್ಣನೆ ಬೆವರು, ನಮ್ಮ ಮನೆ ಗೇಟ್ ಯಾವುದು ಅಂತಲೇ ಗೊತ್ತಾಗಲಿಲ್ಲ. ಮಗಳು ಚುಚ್ಚಿ ನೋಡಿದ್ರೆ 58. ಸಕ್ಕರೆ ನೀರು ಕುಡಿಸಿದಳು, ಹದಿನೈದು ನಿಮಿಷಕ್ಕೆ 84.

ಅತ್ತೆ ಎರಡು ದಿನ ಮಾತಾಡಲಿಲ್ಲ, ಒಂದು ಗಂಟೆ ತಡ್ಕೊಳೋಕೆ ಆಗಲಿಲ್ವಾ ಅಂತ. 70ಕ್ಕಿಂತ ಕೆಳಗಿಳಿದ್ರೆ ರೋಜಾ ಬಿಡಲೇಬೇಕು, ಮೇಲೆ 300 ದಾಟಿದ್ರೂ ಅಷ್ಟೇ, ಅಂತ ಆಮೇಲೆ ಡಾಕ್ಟರ್ ಹೇಳಿದ್ರು. ಮಾತ್ರೆಯನ್ನ ಇಫ್ತಾರ್‌ಗೆ ಬದಲಾಯಿಸಿ ಪ್ರಮಾಣ ಇಳಿಸಿದ್ರು. ಅದನ್ನ ತಿಂಗಳು ಮುಂಚೇನೇ ಕೇಳಬೇಕಿತ್ತು. ಬೆರಳು ಚುಚ್ಚಿದ್ರೆ ರೋಜಾ ಮುರಿಯುತ್ತೆ ಅಂತ ಪಕ್ಕದ ಮನೆಯೋರು ಹೆದರಿಸಿದ್ರು, ನಮ್ಮ ಮೌಲಾನಾ ಮುರಿಯಲ್ಲ ಅಂದ್ರು. ಆದ್ರೆ ಸ್ಟ್ರಿಪ್ ಖರ್ಚು! ದಿನಕ್ಕೆ ಮೂರು ಚುಚ್ಚು, ತಿಂಗಳಿಗೆ 90, ಎರಡು ಡಬ್ಬಿ ಖಾಲಿ. ಬಿಟ್ಟ ಒಂದು ರೋಜಾಗೆ ಆಮೇಲೆ ಕಜಾ ಇಟ್ಟೆ, ಚಳಿಗಾಲದಲ್ಲಿ, ಆರಾಮಾಗಿ.

ಗೌರಿಬಿದನೂರು ಏಕಾದಶಿ: ಶುಗರ್ ಬಂದಿರೋದೇ ನಮ್ಮ ಹಳೇ ಉಪವಾಸ ಬಿಟ್ಟಿದ್ದಕ್ಕೆ ತಾಯಿ. ಒಂದು ವರ್ಷ ಏಕಾದಶಿ ಮಾಡಿ ನೋಡಿ.

ಚಿಂತಾಮಣಿ ಅಕ್ಕ: ಅಣ್ಣಾ, ಮಾತ್ರೆ ಹೊಟ್ಟೇಲಿದ್ದಾಗ ಊಟ ಬಿಟ್ರೆ ದೇವರು ಯಾರಾದ್ರೂ ಶುಗರ್ ಇಳಿಯುತ್ತೆ. ನಿಮ್ಮ ಮೆಟ್ಟಿಲು ನೀವು ಹತ್ತಿ. ಮಾತ್ರೆ ತಗೊಳೋರಿಗೆ ಇಂಥ ಮಾತು ಹೇಳೋಕೆ ಬರಬೇಡಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ನಂಗೆ ಶುಗರ್ ಇಲ್ಲ ಅಕ್ಕ. ಸಂಜೆ ಓಟಕ್ಕೆ ಮಾಲೀಕರು 5:30ಕ್ಕೆ ಬಿಡ್ತಾರೆ, ಮಾತಾಡ್ಕೊಂಡೆ. ಜೋರು ಓಟಕ್ಕೆ ರಾತ್ರಿನಾ, ನಾಲ್ಕು ಗಂಟೇನಾ ಇನ್ನೂ ಗೊತ್ತಾಗ್ತಿಲ್ಲ. ಎರಡೂ ಹೊತ್ತಲ್ಲಿ ನಮ್ಮ ಮೈದಾನಕ್ಕೆ ಬೀಗ ಹಾಕಿರ್ತಾರೆ.

ಶಿಡ್ಲಘಟ್ಟ ರೀಲರ್: ನಾನು ಮೈದಾನದಲ್ಲಿ ಓಡೇ ಇಲ್ಲ. ಊರಾಚೆ ರಸ್ತೇಲಿ ಅಳತೆ ಟೇಪ್ ಹಿಡಿದು 200 ಮೀಟರ್ ಗುರುತು ಮಾಡ್ಕೊಂಡೆ, ಎರಡೂ ಕಡೆ ಕರೆಂಟ್ ಕಂಬಕ್ಕೆ ಸುಣ್ಣ. ಹೋಗಿ ಬಂದ್ರೆ 400. ತಿರುಗೋ ಜಾಗದಲ್ಲಿ ಒಂದೆರಡು ಸೆಕೆಂಡ್ ಹೋಗುತ್ತೆ, 99 ಬಂದ್ರೆ 97 ಅಂತ ಹಿಡ್ಕೋ.

ಬಾಗೇಪಲ್ಲಿ ಪಿಇ ಮೇಷ್ಟ್ರು: ಆ ರಸ್ತೆ ನಾಯಿಗಳ ಬಗ್ಗೆ ಹೇಳಲ್ವಾ ನೀನು?

ಶಿಡ್ಲಘಟ್ಟ ರೀಲರ್: ನಾಯಿ ಇರೋ ದಿನ 95 ಬರ್ತಿತ್ತು ಮೇಷ್ಟ್ರೇ. ಆ ಟೈಮನ್ನ ನಾನು ಬರ್ಕೊಂಡಿಲ್ಲ.